1600 ಮೀಟರ್ ಓಟ: ಮೂರನೇ ರೌಂಡ್‌ನಲ್ಲಿ ಕಾಲು ನಿಲ್ಲುವುದೇಕೆ, 6:30ರ ಒಳಗೆ ಬರುವುದು ಹೇಗೆ?

ಪ್ರಶ್ನೆ: ಸರ್, ನನಗೆ 22 ವರ್ಷ, ಲಗ್ಗೆರೆಯಲ್ಲಿ ಇದ್ದೀನಿ. ಕಾನ್‌ಸ್ಟೇಬಲ್ ಲಿಖಿತ ಪರೀಕ್ಷೆ ಚೆನ್ನಾಗಿ ಆಗಿದೆ. ಫಿಸಿಕಲ್‌ಗೆ ಇನ್ನು ಎರಡು ತಿಂಗಳು ಸಿಗಬಹುದು. ಸ್ಕೂಲ್ ಗ್ರೌಂಡ್‌ನಲ್ಲಿ ದಿನಾ ಬೆಳಿಗ್ಗೆ 1600 ಮೀಟರ್ ಓಡ್ತೀನಿ, 7 ನಿಮಿಷ 10 ಸೆಕೆಂಡ್ ಆಗುತ್ತೆ. ಮೊನ್ನೆ ಫ್ರೆಂಡ್ 400 ಮೀಟರ್‌ಗೊಂದು ಸಲ ಟೈಮ್ ಬರೆದ: 88, 104, 121, 117 ಸೆಕೆಂಡ್. ಮೊದಲು ಮುಂದಿನವರ ಜೊತೆನೇ ಇರ್ತೀನಿ, ಮೂರನೇ ರೌಂಡ್‌ನಲ್ಲಿ ಕಾಲು ಎತ್ತೋಕೇ ಆಗಲ್ಲ. ಈಗ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ಬೇರೆ ನೋಯ್ತಿದೆ. 6:30ರ ಒಳಗೆ ಬರೋಕೆ ಏನು ಮಾಡಲಿ?

ಉತ್ತರ:

ನಿಮ್ಮ ಗೆಳೆಯ ಬರೆದುಕೊಟ್ಟ ನಾಲ್ಕು ಅಂಕಿಗಳಲ್ಲೇ ಮುಕ್ಕಾಲು ಪಾಲು ಉತ್ತರ ಇದೆ. ಮೊದಲ 400 ಮೀಟರ್ 88 ಸೆಕೆಂಡ್. ಅದೇ ವೇಗದಲ್ಲಿ ನಾಲ್ಕೂ ರೌಂಡ್ ಮುಗಿಸಿದರೆ 5 ನಿಮಿಷ 52 ಸೆಕೆಂಡ್ ಆಗುತ್ತದೆ. ಅಂದರೆ 7:10 ಓಡುವ ದೇಹವನ್ನು ನೀವು 5:52ರ ಓಟಗಾರನ ಹಾಗೆ ಓಡಿಸಲು ಹೊರಟಿದ್ದೀರಿ. ದೇಹ ಒಂದೂವರೆ ರೌಂಡ್ ಸಹಿಸಿಕೊಂಡು, ಆಮೇಲೆ ಕೈಕೊಟ್ಟಿದೆ.

ಒಳಗೆ ಆಗುವುದು ಇಷ್ಟು. ಓಟ ಶುರುವಾದ ತಕ್ಷಣ ಸ್ನಾಯುಗಳಿಗೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ. ಉಸಿರು, ಎದೆಬಡಿತ ಎರಡೂ ಏರಿ ಹದಕ್ಕೆ ಬರಲು ಒಂದೆರಡು ನಿಮಿಷ ಬೇಕು. ಅಲ್ಲಿಯವರೆಗೆ ಸ್ನಾಯುಗಳು ಆಮ್ಲಜನಕವಿಲ್ಲದೆಯೂ ಶಕ್ತಿ ತಯಾರಿಸಿಕೊಳ್ಳುತ್ತವೆ. ಈ ದಾರಿ ಬೇಗ ಕೆಲಸಕ್ಕೆ ಬರುತ್ತದೆ, ಆದರೆ ಸ್ನಾಯುವಿನೊಳಗೆ ಆಮ್ಲೀಯತೆ ಹೆಚ್ಚಿಸುತ್ತದೆ. ನಿಮ್ಮ ತಾಕತ್ತಿಗೆ ಮೀರಿದ ವೇಗದಲ್ಲಿ ಶುರು ಮಾಡಿದಷ್ಟೂ ಅದು ಬೇಗ ಏರುತ್ತದೆ. ತೊಡೆ ಬಿಗಿಯುವುದು, ಮೊಣಕಾಲು ಮೇಲೆ ಬಾರದಿರುವುದು, ಹೆಜ್ಜೆ ಗಿಡ್ಡವಾಗುವುದು, ಭುಜ ಕಿವಿಯ ಹತ್ತಿರಕ್ಕೆ ಏರಿಕೊಳ್ಳುವುದು, ಇವೆಲ್ಲ ಆಗ ಕಾಣುವ ಲಕ್ಷಣಗಳು. ಆ ಹೊತ್ತಿಗೆ ವೇಗ ಇಳಿಸಿದರೂ ಒಂದು ರೌಂಡ್‌ನೊಳಗೆ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಮೊದಲ ರೌಂಡ್‌ನಲ್ಲಿ ಉಳಿಸಿದ ಹತ್ತು ಸೆಕೆಂಡಿಗೆ ಮೂರು, ನಾಲ್ಕನೇ ರೌಂಡ್‌ಗಳಲ್ಲಿ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಕರ್ನಾಟಕ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯಲ್ಲಿ ಪುರುಷರ 1600 ಮೀಟರ್ ಓಟ ಅರ್ಹತೆಗೆ ಮಾತ್ರ. 6 ನಿಮಿಷ 30 ಸೆಕೆಂಡಿನೊಳಗೆ ಗೆರೆ ದಾಟಿದರೆ ಪಾಸು. ಮೊದಲು ಬಂದವನಿಗೆ ಒಂದು ಅಂಕವೂ ಹೆಚ್ಚು ಸಿಗುವುದಿಲ್ಲ. ಸೇನೆಯ ಅಗ್ನಿವೀರ್ ರ‍್ಯಾಲಿಯ ಲೆಕ್ಕ ಬೇರೆ. ಅಲ್ಲಿ 1.6 ಕಿಲೋಮೀಟರನ್ನು 5:30ರೊಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ, ತಡವಾದಷ್ಟೂ ಅಂಕ ಕಡಿಮೆ, ಹಾಗಾಗಿ ಅಲ್ಲಿ ಒಂದೊಂದು ಸೆಕೆಂಡಿಗೂ ಬೆಲೆ ಇದೆ. ನಿಮಗೆ ಆ ಒತ್ತಡ ಇಲ್ಲ. ನಿಮ್ಮ ಬ್ಯಾಚ್‌ನಲ್ಲಿ ಅಗ್ನಿವೀರ್‌ಗೂ ತಯಾರಾಗುತ್ತಿರುವ ಹುಡುಗರು ಇದ್ದೇ ಇರುತ್ತಾರೆ, ಅವರು 80 ಸೆಕೆಂಡಿಗೆ ಮೊದಲ ರೌಂಡ್ ಹೊಡೆಯುತ್ತಾರೆ. ಅವರ ಹಿಂದೆ ಹೋಗುವುದೇ ನಿಮ್ಮ ಸದ್ಯದ ದೊಡ್ಡ ತೊಂದರೆ. ನೀವು ಓಡಬೇಕಿರುವುದು ಗಡಿಯಾರದ ಜೊತೆ. ನಿಮ್ಮ ಅಧಿಸೂಚನೆಯಲ್ಲಿ ಓಟದ ದೂರ, ಸಮಯ, ಎಷ್ಟು ಅವಕಾಶ ಎಂಬುದನ್ನು ಒಮ್ಮೆ ನೀವೇ ಓದಿ ಖಚಿತ ಮಾಡಿಕೊಳ್ಳಿ, ಹುದ್ದೆಯಿಂದ ಹುದ್ದೆಗೆ ಇದು ಬದಲಾಗುತ್ತದೆ.

ಈಗ ಗುರಿ. 6:30 ಅಂದರೆ 390 ಸೆಕೆಂಡ್, ರೌಂಡಿಗೆ 97.5. ಆದರೆ ಅಭ್ಯಾಸದ ಗುರಿಯನ್ನು 6:20ಕ್ಕೆ ಇಡಿ. ರೌಂಡಿಗೆ 95 ಸೆಕೆಂಡ್, 200 ಮೀಟರ್‌ಗೆ 47ರಿಂದ 48. ಆ ಹತ್ತು ಸೆಕೆಂಡ್ ಯಾಕೆ ಅಂದರೆ, ಪರೀಕ್ಷೆಯ ದಿನ ಅದು ಹೇಗೂ ಕಳೆದುಹೋಗುತ್ತದೆ. ಒಂದು ಉದಾಹರಣೆ ಸಾಕು. ಅಳತೆಯ ಟ್ರ್ಯಾಕ್‌ನಲ್ಲಿ ಒಳಗಿನ ಮೊದಲ ಲೇನ್ ಸುತ್ತಿದರೆ 400 ಮೀಟರ್, ಎರಡನೇ ಲೇನ್ ಸುತ್ತಿದರೆ ಸುಮಾರು 407. ಗುಂಪಿನಲ್ಲಿ ಸಿಕ್ಕಿಕೊಂಡು ನಾಲ್ಕೂ ರೌಂಡ್ ಎರಡನೇ ಲೇನ್‌ನಲ್ಲೇ ಓಡಿದರೆ 28 ಮೀಟರ್ ಹೆಚ್ಚು ಓಡಿದಂತಾಯಿತು, ನಿಮ್ಮ ವೇಗಕ್ಕೆ ಅದು ಸುಮಾರು 7 ಸೆಕೆಂಡ್. ಒಂದು ತಪ್ಪು ಹೆಜ್ಜೆಯೂ ಇಡದೆ 6:25 ಓಡಬಲ್ಲವನು 6:32ಕ್ಕೆ ಫೇಲ್ ಆಗುವುದು ಹೀಗೆ. ತಿರುವಿನಲ್ಲಿ ಯಾರನ್ನೂ ಹಿಂದೆ ಹಾಕಲು ಹೋಗಬೇಡಿ. ಅಲ್ಲಿ ಒಳಗೆರೆಗೆ ಅಂಟಿಕೊಂಡು ಓಡಿ, ನೇರ ದಾರಿ ಸಿಕ್ಕಾಗ ಪಕ್ಕದಿಂದ ದಾಟಿ.

ಅಭ್ಯಾಸ ಶುರು ಮಾಡುವ ಮೊದಲು ನಿಮ್ಮ ಗ್ರೌಂಡನ್ನು ಅಳೆಯಿರಿ. ಬೆಂಗಳೂರಿನ ಸ್ಕೂಲ್ ಮೈದಾನಗಳಲ್ಲಿ ಸುತ್ತು 200 ಮೀಟರ್ ಎಂದು ಬಾಯಿಮಾತಿಗೆ ಹೇಳುವುದೇ ಹೆಚ್ಚು. ನಿಜಕ್ಕೂ 190 ಇದ್ದರೆ ಎಂಟು ಸುತ್ತಿಗೆ ನೀವು ಓಡಿದ್ದು 1520 ಮೀಟರ್. ಉಳಿದ 80 ಮೀಟರ್‌ಗೆ ಸುಮಾರು 20 ಸೆಕೆಂಡ್ ಬೇಕು. ಊರಲ್ಲಿ 6:25 ಬರುತ್ತಿತ್ತು, ಫಿಸಿಕಲ್‌ನಲ್ಲಿ 6:45 ಆಯಿತು ಎಂದು ಗೋಳಾಡುವ ಹುಡುಗರ ಪೈಕಿ ಎಷ್ಟೋ ಜನರ ಕಥೆ ಇದೇ. ಫೋನಿನ ಜಿಪಿಎಸ್ ನಂಬಬೇಡಿ, ಸಣ್ಣ ಸುತ್ತಿನಲ್ಲಿ, ಮರ ಮತ್ತು ಕಟ್ಟಡಗಳ ನಡುವೆ ಅದು ತಪ್ಪು ತೋರಿಸುತ್ತದೆ. ಪಿಟಿ ಮಾಸ್ತರ ಹತ್ತಿರ 50 ಮೀಟರ್ ಟೇಪು ಕೇಳಿ ಪಡೆಯಿರಿ. ಇಬ್ಬರು ಸೇರಿ, ಒಳ ಅಂಚಿನಿಂದ ಒಂದಡಿ ಹೊರಗೆ ಟೇಪು ಹಿಡಿದು ಅಳೆಯಿರಿ. ತಿರುವುಗಳಲ್ಲಿ ಟೇಪು ಎಳೆದು ನೇರ ಮಾಡಿಬಿಟ್ಟರೆ ದೂರ ತಪ್ಪುತ್ತದೆ, ಅಲ್ಲಿ ನಾಲ್ಕೈದು ಮೀಟರ್‌ನ ಸಣ್ಣ ಸಣ್ಣ ತುಂಡುಗಳಾಗಿ ಅಳೆಯಬೇಕು. 200 ಮೀಟರ್ ಎಲ್ಲಿ ಮುಗಿಯುತ್ತದೋ ಅಲ್ಲಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿ. ಸಾಧ್ಯವಾದರೆ ಎರಡು ವಾರಕ್ಕೊಮ್ಮೆ ಕಂಠೀರವ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ಗೆ ಅನುಮತಿ ಪಡೆದು ಹೋಗಿ, ನಿಮ್ಮ ಗ್ರೌಂಡಿನ ಸಮಯವನ್ನು ಅಲ್ಲಿನದರ ಜೊತೆ ತಾಳೆ ನೋಡಿ. ಸಿಂಥೆಟಿಕ್ ಟ್ರ್ಯಾಕ್ ಮಣ್ಣಿಗಿಂತ ತುಸು ವೇಗದ್ದು. ಫಿಸಿಕಲ್ ಮಣ್ಣಿನ ಮೈದಾನದಲ್ಲಿ ನಡೆದರೆ ಕಂಠೀರವದ 6:24 ಅಲ್ಲಿ 6:24 ಆಗಿಯೇ ಉಳಿಯುತ್ತದೆ ಎಂದುಕೊಳ್ಳಬೇಡಿ.

ಟೈಮಿಂಗ್ ಇಳಿಯದಿರಲು ಇನ್ನೊಂದು ಕಾರಣ, ದಿನಾ ಬೆಳಿಗ್ಗೆ ಪೂರ್ತಿ 1600 ಮೀಟರ್ ಜೀವ ಬಿಟ್ಟು ಓಡುವುದು. ನೀವು ದಿನಾ ಪರೀಕ್ಷೆ ಬರೆಯುತ್ತಿದ್ದೀರಿ, ಓದುತ್ತಿಲ್ಲ. ದೇಹ ಬಲಗೊಳ್ಳುವುದು ಓಡುವಾಗ ಅಲ್ಲ, ಓಡಿದ ಮೇಲಿನ ವಿಶ್ರಾಂತಿಯಲ್ಲಿ. ನೀವು ಅದಕ್ಕೆ 24 ಗಂಟೆಯೂ ಸರಿಯಾಗಿ ಕೊಡುತ್ತಿಲ್ಲ. 1600 ಮೀಟರ್ ಓಟಕ್ಕೆ ಬೇಕಾದ ಶಕ್ತಿಯಲ್ಲಿ ಹೆಚ್ಚಿನ ಪಾಲು ಆಮ್ಲಜನಕದಿಂದಲೇ ಬರಬೇಕು. ಆ ಸಾಮರ್ಥ್ಯ ಬೆಳೆಯುವುದು ನಿಧಾನವಾದ, ಉದ್ದದ ಓಟದಿಂದ. ವೇಗದ ಓಟ ವಾರಕ್ಕೆ ಎರಡೇ ದಿನ ಸಾಕು.

ಆದರೆ ಅದಕ್ಕೂ ಮೊದಲು ಕಾಲಿನ ನೋವು. ಮೊಣಕಾಲಿನಿಂದ ಪಾದದವರೆಗಿನ ಮುಂದಿನ ಮೂಳೆಯ ಒಳ ಅಂಚಿನ ಮೇಲೆ ಹೆಬ್ಬೆರಳು ಒತ್ತುತ್ತಾ ಕೆಳಗೆ ಬನ್ನಿ. ನಾಲ್ಕೈದು ಬೆರಳಗಲ ಅಥವಾ ಅದಕ್ಕಿಂತ ಉದ್ದಕ್ಕೆ ನೋವು ಹರಡಿಕೊಂಡಿದ್ದು, ಓಟದ ಶುರುವಿನಲ್ಲಿ ಹೆಚ್ಚಿದ್ದು ಮೈ ಬಿಸಿಯಾದ ಮೇಲೆ ಕಡಿಮೆಯಾಗುತ್ತಿದ್ದರೆ ಅದು ಶಿನ್ ಸ್ಪ್ಲಿಂಟ್ ಇರುವ ಸಾಧ್ಯತೆ ಹೆಚ್ಚು. ಗಟ್ಟಿ ನೆಲದ ಮೇಲೆ, ಸವೆದ ಶೂನಲ್ಲಿ, ಇದ್ದಕ್ಕಿದ್ದಂತೆ ಹೆಚ್ಚು ಓಡಿದವರಿಗೆ ಬರುವ ನೋವು ಇದು. ನೋವು ಒಂದೇ ಬಿಂದುವಿನಲ್ಲಿದ್ದು, ಬೆರಳ ತುದಿ ಇಟ್ಟರೆ ಜೀವ ಹೋದಂತಾಗುವುದು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಅಲ್ಲೇ ಚುಚ್ಚುವುದು, ರಾತ್ರಿ ಮಲಗಿದಾಗಲೂ ನೋಯುವುದು, ಓಡಿದಷ್ಟೂ ಹೆಚ್ಚುವುದು ಇದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಆಗ ಓಟ ಅಂದೇ ನಿಲ್ಲಿಸಿ, ಮೂಳೆ ಡಾಕ್ಟರ ಹತ್ತಿರ ಹೋಗಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು, ಹಾಗಾಗಿ ಎಕ್ಸ್‌ರೇ ಸರಿ ಇದೆ ಎಂದು ಮರುದಿನವೇ ಓಡಲು ಇಳಿಯಬೇಡಿ, ಡಾಕ್ಟರು ಏನು ಹೇಳುತ್ತಾರೋ ಹಾಗೆ ಮಾಡಿ. ನೋವಿನ ಮಾತ್ರೆ ನುಂಗಿ ಓಡುವುದನ್ನು ಯಾರು ಹೇಳಿಕೊಟ್ಟರೂ ಕೇಳಬೇಡಿ. ಮಾತ್ರೆ ನೋವನ್ನು ಮರೆಮಾಡುತ್ತದೆ, ಬಿರುಕು ಮಾತ್ರ ಬೆಳೆಯುತ್ತಲೇ ಇರುತ್ತದೆ. ಹಾಗೆ ಎರಡು ತಿಂಗಳ ಅಭ್ಯಾಸವನ್ನೇ ಕಳೆದುಕೊಂಡವರಿದ್ದಾರೆ.

ಮೊದಲನೆಯ ಬಗೆಯ ನೋವೇ ಆಗಿದ್ದರೆ ಮೊದಲ ಹತ್ತು ದಿನ ವೇಗದ ಓಟ ಪೂರ್ತಿ ಬಿಡಿ. ದಿನ ಬಿಟ್ಟು ದಿನ, ಮಣ್ಣಿನ ಮೇಲೆ, 20 ನಿಮಿಷ: ನಾಲ್ಕು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ. ಲಗ್ಗೆರೆಯಿಂದ ಜ್ಞಾನಭಾರತಿ ಆವರಣ ತುಂಬ ದೂರವಿಲ್ಲ. ಕಾಂಕ್ರೀಟ್ ಸರ್ವಿಸ್ ರೋಡ್ ಬಿಟ್ಟು ಅಲ್ಲಿನ ಮಣ್ಣು ದಾರಿ ಹಿಡಿಯಿರಿ. ಓಡದ ದಿನ ಅರ್ಧ ಗಂಟೆ ಸೈಕಲ್ ತುಳಿದರೆ ಉಸಿರಿನ ತಾಕತ್ತು ಕಳೆದುಹೋಗುವುದಿಲ್ಲ. ದಿನಾ ಸಂಜೆ ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಇಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಮೇಲೆತ್ತಿ ಮೂರು ಎಣಿಸುತ್ತಾ ಕೆಳಗಿಳಿಸಿ. ಹದಿನೈದರಂತೆ ಮೂರು ಸಲ. ಮೀನಖಂಡ ಗಟ್ಟಿಯಾದಷ್ಟೂ ಮೂಳೆಯ ಮೇಲೆ ಬೀಳುವ ಹೊಡೆತ ಕಡಿಮೆಯಾಗುತ್ತದೆ. ಶೂ ಅಡಿ ಒಂದು ಬದಿಗೆ ಸವೆದಿದ್ದರೆ ಅಥವಾ ಒತ್ತಿದರೆ ಕಲ್ಲಿನಂತಿದ್ದರೆ ಈಗಲೇ ಬದಲಿಸಿ. ಕೊನೆಯ ವಾರದಲ್ಲಿ ಹೊಸ ಶೂ ಕೊಂಡರೆ ಬೊಬ್ಬೆಯೊಂದೇ ಲಾಭ.

ನೋವು ಇಳಿದ ಮೇಲೆ ವಾರ ಹೀಗಿರಲಿ. ಸೋಮವಾರ ಮತ್ತು ಗುರುವಾರ 25ರಿಂದ 30 ನಿಮಿಷ ನಿಧಾನ ಓಟ. ನಿಧಾನ ಅಂದರೆ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ನಿಮ್ಮ ಮಟ್ಟಕ್ಕೆ ಕಿಲೋಮೀಟರಿಗೆ ಆರೂವರೆಯಿಂದ ಏಳು ನಿಮಿಷ. ಹುಡುಗರಿಗೆ ಇದು ಅವಮಾನದಂತೆ ಅನಿಸಿ ವೇಗ ಹೆಚ್ಚಿಸಿಬಿಡುತ್ತಾರೆ, ಮರುದಿನದ ಮುಖ್ಯ ಅಭ್ಯಾಸಕ್ಕೆ ಕಾಲು ಉಳಿದಿರುವುದಿಲ್ಲ. ಭಾನುವಾರ ಅದೇ ವೇಗದಲ್ಲಿ 40ರಿಂದ 45 ನಿಮಿಷ, ಕಬ್ಬನ್ ಪಾರ್ಕ್ ಆದರೂ ಸರಿ. ಬುಧವಾರ, ಶನಿವಾರ ಓಟ ಬೇಡ. ಬುಧವಾರ ಉದ್ದ ಜಿಗಿತ, ಗುಂಡು ಎಸೆತದ ಅಭ್ಯಾಸ ಇಟ್ಟುಕೊಳ್ಳಬಹುದು.

ಮಂಗಳವಾರ ಮುಖ್ಯವಾದ ದಿನ, 400 ಮೀಟರ್‌ಗಳ ದಿನ. ಹತ್ತು ನಿಮಿಷ ನಿಧಾನ ಓಡಿ ಮೈ ಬಿಸಿ ಮಾಡಿಕೊಂಡು, 400 ಮೀಟರ್ ಒಂದು ಓಟ, ಎರಡು ನಿಮಿಷ ನಡೆದು ವಿಶ್ರಾಂತಿ, ಮತ್ತೆ 400. ಶುರುವಿನ ವಾರ ಇಂಥ ಐದು ಓಟ, ಒಂದೊಂದೂ 103 ಸೆಕೆಂಡಿಗೆ. ಮುಂದಿನ ಎರಡು ವಾರ ಆರು ಓಟ, 99ರಿಂದ 100 ಸೆಕೆಂಡಿಗೆ. ಆಮೇಲಿನ ಎರಡು ವಾರ ಆರು ಓಟ, 95ರಿಂದ 96ಕ್ಕೆ. ಕೊನೆಗೆ ವಿಶ್ರಾಂತಿಯನ್ನು ಒಂದೂವರೆ ನಿಮಿಷಕ್ಕೆ ಇಳಿಸಿ, ಸಮಯ ಮಾತ್ರ ಅದೇ 95 ಇರಲಿ. ಇಲ್ಲಿ ಎಲ್ಲರೂ ಮಾಡುವ ತಪ್ಪು, 95 ಬೇಕಾದಲ್ಲಿ ಮೊದಲನೆಯದನ್ನು 82ಕ್ಕೆ ಓಡಿ ಖುಷಿಪಡುವುದು. ಅದು ನಿಮ್ಮ ಹಳೆಯ ಮೊದಲ ರೌಂಡ್‌ನದೇ ರೋಗ. ಈ ಅಭ್ಯಾಸದ ಉದ್ದೇಶ ಕಾಲಿಗೆ 95ರ ಲಯ ಹಿಡಿಸುವುದು, ಗಡಿಯಾರ ನೋಡದೆಯೇ ಇದು 95, ಇದು 90 ಎಂದು ಗೊತ್ತಾಗುವಷ್ಟು. ಆರನೆಯದು ಮೊದಲನೆಯದರಷ್ಟೇ ಸೆಕೆಂಡಿಗೆ ಬಂದರೆ ಆ ದಿನದ ಕೆಲಸ ಸರಿಯಾಗಿದೆ. ನಡುವೆ ಒಂದು ಓಟ ಗುರಿಗಿಂತ ನಾಲ್ಕೈದು ಸೆಕೆಂಡ್ ಹೆಚ್ಚು ತೆಗೆದುಕೊಂಡರೆ ಅಲ್ಲಿಗೇ ನಿಲ್ಲಿಸಿ ಮನೆಗೆ ಹೋಗಿ. ಅದರ ಮೇಲೆ ಓಡಿದ್ದು ದಣಿವಿಗೆ ಸೇರುತ್ತದೆ, ತಾಕತ್ತಿಗಲ್ಲ.

ಶುಕ್ರವಾರ ಎರಡನೆಯ ವೇಗದ ದಿನ. ಮೊದಲ ಮೂರು ವಾರ 15 ನಿಮಿಷ ಬಿಡದೆ ಓಟ, ಮೂರ್ನಾಲ್ಕು ಪದ ಮಾತ್ರ ಒಟ್ಟಿಗೆ ಹೇಳಲು ಆಗುವಷ್ಟು ವೇಗದಲ್ಲಿ. ಆಮೇಲಿನ ವಾರಗಳಲ್ಲಿ 800 ಮೀಟರ್ ಮೂರು ಸಲ, ತಲಾ 3 ನಿಮಿಷ 12 ಸೆಕೆಂಡಿಗೆ, ನಡುವೆ ನಾಲ್ಕು ನಿಮಿಷ ವಿಶ್ರಾಂತಿ. ಮೂರನೇ ರೌಂಡ್ ಸಮಸ್ಯೆಗೆ ಸರಿಯಾದ ಮದ್ದು ಇನ್ನೊಂದಿದೆ, ಪರೀಕ್ಷೆಗೆ ಎರಡು ವಾರ ಇರುವಾಗ ಒಮ್ಮೆ ಮಾಡಿ: 1200 ಮೀಟರನ್ನು 4 ನಿಮಿಷ 45 ಸೆಕೆಂಡಿಗೆ ಓಡಿ ನಿಲ್ಲಿ. ರೌಂಡಿಗೆ 95ರಂತೆ ಮೂರು ರೌಂಡ್. ಇದು ಮುಗಿದಾಗ ಇನ್ನೊಂದು ರೌಂಡ್ ಕಷ್ಟಪಟ್ಟಾದರೂ ಓಡಬಲ್ಲೆ ಎನಿಸಿದರೆ 6:30 ನಿಮ್ಮ ಕೈಯಲ್ಲಿದೆ. ನಿಂತ ತಕ್ಷಣ ಮೊಣಕಾಲು ಹಿಡಿದು ಬಗ್ಗಿಬಿಟ್ಟರೆ 95 ಇನ್ನೂ ನಿಮ್ಮ ವೇಗ ಆಗಿಲ್ಲ. ಆಗ 97ರಂತೆ ಸಮವಾಗಿ ಓಡಿ 6:28ಕ್ಕೆ ಮುಗಿಸುವ ಲೆಕ್ಕ ಹಾಕಿಕೊಳ್ಳಿ. 95ಕ್ಕೆ ಶುರು ಮಾಡಿ ಒಡೆದುಹೋಗುವುದಕ್ಕಿಂತ ಅದು ಎಷ್ಟೋ ಮೇಲು.

ಪೂರ್ತಿ 1600 ಮೀಟರ್ ಟ್ರಯಲ್ ಇಡೀ ಅವಧಿಯಲ್ಲಿ ಎರಡೇ ಸಲ ಸಾಕು, ನಾಲ್ಕನೇ ವಾರದ ಕೊನೆಗೊಂದು, ಪರೀಕ್ಷೆಗೆ ಒಂಬತ್ತು ಹತ್ತು ದಿನ ಮುಂಚೆ ಒಂದು. ಮೊದಲ ಟ್ರಯಲ್‌ನಲ್ಲಿ 100, 101, 102, 99 ಬಂದರೆ ಮೊತ್ತ 6:42. ಅಂಕಿ 6:30 ದಾಟಿದೆ ಎಂದು ಎದೆಗುಂದಬೇಡಿ, ರೌಂಡ್‌ಗಳು ಸಮ ಇವೆಯೇ ನೋಡಿ. ಸಮವಾಗಿದ್ದು ಕೊನೆಯದು ಎಲ್ಲಕ್ಕಿಂತ ವೇಗವಾಗಿದ್ದರೆ ಮುಂದಿನ ನಾಲ್ಕು ವಾರದಲ್ಲಿ ಹನ್ನೆರಡು ಸೆಕೆಂಡ್ ಇಳಿಸಲು ದಾರಿ ತೆರೆದಿದೆ. ಅದೇ 6:42 ಮೊತ್ತ 90, 98, 108, 106 ಆಗಿ ಬಂದಿದ್ದರೆ ತಾಕತ್ತು ಈಗಾಗಲೇ ಇದೆ, ಹಂಚಿಕೆ ಮಾತ್ರ ಕೆಟ್ಟಿದೆ ಎಂದರ್ಥ, ಆಗ ಮಂಗಳವಾರದ ಓಟಗಳಲ್ಲಿ ಶಿಸ್ತು ಬಿಗಿ ಮಾಡಬೇಕು.

ಕೊನೆಯ ವಾರ ಓಟವನ್ನು ಅರ್ಧಕ್ಕೆ ಇಳಿಸಿ. ಪರೀಕ್ಷೆಗೆ ನಾಲ್ಕು ದಿನ ಇರುವಾಗ 95ರ ವೇಗದಲ್ಲಿ 400 ಮೀಟರ್ ಮೂರು ಸಲ, ಆಮೇಲೆ ಬರೀ 15 ನಿಮಿಷದ ನಿಧಾನ ಓಟ. ಈ ವಾರ ಹೆಚ್ಚು ಓಡಿ ಯಾರೂ ಏನನ್ನೂ ಗಳಿಸಲಾರರು, ಕಾಲು ಮಾತ್ರ ಭಾರವಾಗುತ್ತದೆ.

ಪರೀಕ್ಷೆಯ ದಿನ ನಸುಕಿಗೇ ಕರೆಸಿ, ಎತ್ತರ, ಎದೆ ಸುತ್ತಳತೆ, ದಾಖಲೆ ಎಂದು ಗಂಟೆಗಟ್ಟಲೆ ಕೂರಿಸಬಹುದು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ಓಟಕ್ಕೆ ಎರಡು ಎರಡೂವರೆ ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಒಂದು ಲೋಟ ರಾಗಿ ಅಂಬಲಿ, ಅಭ್ಯಾಸದಲ್ಲಿ ನಿಮಗೆ ಒಗ್ಗಿದ್ದು ಯಾವುದೋ ಅದೇ. ಕಾಯುವುದು ಉದ್ದವಾದರೆ ಚೀಲದಲ್ಲಿ ಎರಡು ಬಾಳೆಹಣ್ಣು ಇರಲಿ. ಗ್ಲೂಕೋಸ್ ಪುಡಿಯನ್ನು ಬಾಯಿಗೆ ಸುರಿದುಕೊಳ್ಳುವುದು, ಎನರ್ಜಿ ಡ್ರಿಂಕ್ ಕುಡಿಯುವುದು, ಯಾರೋ ಕೊಟ್ಟ ಮಾತ್ರೆ, ಇಂಜೆಕ್ಷನ್ ತೆಗೆದುಕೊಳ್ಳುವುದು ಬೇಡವೇ ಬೇಡ. ಮೊದಲೆರಡು ಹೊಟ್ಟೆ ಕೆಡಿಸುತ್ತವೆ, ಕೊನೆಯದು ಜೀವಕ್ಕೇ ಅಪಾಯ. ಓಟದಲ್ಲಿ ಎದೆ ನೋವು ಬಂದರೆ ಅಥವಾ ತಲೆ ಸುತ್ತಿ ಕಣ್ಣು ಕತ್ತಲೆಯಾದರೆ ನಿಲ್ಲಿ. ಅಭ್ಯಾಸದಲ್ಲೇ ಹಾಗಾಗಿದ್ದರೆ ಪರೀಕ್ಷೆಗೆ ಮುಂಚೆ ಡಾಕ್ಟರಿಗೆ ತೋರಿಸಿ.

ಮೂರು ಗಂಟೆ ನೆಲದ ಮೇಲೆ ಕೂತಿದ್ದು ಎದ್ದು ನೇರ ಗೆರೆಗೆ ಹೋದವರು ಮೊದಲ 200 ಮೀಟರ್‌ನಲ್ಲೇ ಏದುಸಿರು ಬಿಡುತ್ತಾರೆ. ನಿಮಗಿಂತ ಮೊದಲಿನ ಬ್ಯಾಚ್ ಓಟಕ್ಕೆ ನಿಂತಾಗ ಎದ್ದು, ಜಾಗ ಸಿಕ್ಕಷ್ಟರಲ್ಲೇ ಎಂಟು ಹತ್ತು ನಿಮಿಷ ಮೆಲ್ಲಗೆ ಓಡಿ. ಆಮೇಲೆ 60 ಮೀಟರ್‌ನಷ್ಟು ದೂರ ಮೂರು ಸಲ, ಸ್ವಲ್ಪ ಚುರುಕಾಗಿ. ಜಾಗವೇ ಇಲ್ಲದಿದ್ದರೆ ನಿಂತಲ್ಲೇ ಓಡಿ, ಮೊಣಕಾಲು ಎತ್ತಿ, ಬೆವರು ಬರುವವರೆಗೆ. ಸಮಯ ಅಳೆಯುವ ಚಿಪ್ ಕೊಟ್ಟಿದ್ದರೆ ಹೇಳಿದ ಜಾಗದಲ್ಲೇ ಬಿಗಿಯಾಗಿ ಕಟ್ಟಿಕೊಳ್ಳಿ.

ಶಿಳ್ಳೆ ಹೊಡೆದ ಕೂಡಲೇ ಎಲ್ಲರೂ ಮುನ್ನುಗ್ಗುತ್ತಾರೆ. ಗುಂಪಿನ ಮಧ್ಯೆ ಸಿಕ್ಕಿಬಿದ್ದು ಎಡವದಂತೆ ಮೊದಲ 30 ಮೀಟರ್ ತುಸು ಹೊರಗಿರಿ, ತಿರುವು ಬರುವಷ್ಟರಲ್ಲಿ ಒಳಗೆ ಸೇರಿಕೊಳ್ಳಿ. ಮೊದಲ 200 ಮೀಟರ್‌ನಲ್ಲಿ ಅರ್ಧ ಬ್ಯಾಚ್ ನಿಮ್ಮ ಮುಂದೆ ಇರುತ್ತದೆ. ಅದು ಸರಿಯಾಗಿದೆ ಎಂದೇ ತಿಳಿಯಿರಿ. ಕೈಗಡಿಯಾರಕ್ಕೆ ಅನುಮತಿ ಇದ್ದರೆ ಒಂದನೇ ರೌಂಡ್ ಮುಗಿದಾಗ 94ರಿಂದ 96, ಎರಡನೆಯದು ಮುಗಿದಾಗ 3:10 ಇರಬೇಕು. ಇಲ್ಲದಿದ್ದರೆ ಮಂಗಳವಾರಗಳಲ್ಲಿ ಕಲಿತ ಲಯವನ್ನೇ ನಂಬಿ. ಮೂರನೇ ರೌಂಡ್‌ನಲ್ಲಿ 95 ಉಳಿಸಿಕೊಳ್ಳಲು ಮೊದಲಿಗಿಂತ ಹೆಚ್ಚು ಶ್ರಮ ಹಾಕಬೇಕು, ಅಷ್ಟೇ ಶ್ರಮ ಹಾಕಿದರೆ ವೇಗ ತಾನಾಗಿ 100ಕ್ಕೆ ಜಾರುತ್ತದೆ. ಭುಜ ಸಡಿಲ ಬಿಡಿ, ಕೈ ಬೀಸು ಚುರುಕು ಮಾಡಿ, ಕಾಲು ಅದನ್ನು ಹಿಂಬಾಲಿಸುತ್ತದೆ. ಮೊದಲು ನಿಮ್ಮನ್ನು ಬಿಟ್ಟು ಹೋದವರಲ್ಲಿ ಕೆಲವರು ಈ ರೌಂಡ್‌ನಲ್ಲೇ ಹಿಂದೆ ಬರತೊಡಗುತ್ತಾರೆ, ಒಬ್ಬೊಬ್ಬರನ್ನೇ ನೇರ ದಾರಿಯಲ್ಲಿ ದಾಟಿ. ಉಳಿದ ಶಕ್ತಿಯನ್ನು ಕೊನೆಯ 200 ಮೀಟರ್‌ಗೆ ಮುಂಚೆ ಬಿಡಬೇಡಿ. ಗೆರೆಯ ಹತ್ತಿರ ಬಂದಾಗ ನಿಧಾನ ಮಾಡದೆ, ಗೆರೆ ದಾಟಿ ಐದು ಮೀಟರ್ ಮುಂದಕ್ಕೂ ಓಡಿ. ಆಮೇಲೆ ಕೂರಬೇಡಿ, ಐದು ನಿಮಿಷ ನಡೆಯುತ್ತಿರಿ. ಉದ್ದ ಜಿಗಿತ, ಗುಂಡು ಎಸೆತಕ್ಕೆ ಅದೇ ದಿನ ಅದೇ ಕಾಲು ಬೇಕು.